ನೂರ ಹದಿನೇಳು ಮೇಲ್, ಒಂದು ಪುಟ

ಆಸ್ಪತ್ರೆಯ ಆಡಳಿತ ವಿಭಾಗದಲ್ಲಿ ಅವಳನ್ನು ಎಲ್ಲರೂ ಟೈಪಿಸ್ಟಕ್ಕ ಎಂದೇ ಕರೆಯುತ್ತಿದ್ದರು. ಟೈಪ್‌ರೈಟರುಗಳು ಹೋಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಅವಳ ಹುದ್ದೆಯ ಹೆಸರೂ ಮೂರು ಸಲ ಬದಲಾಗಿತ್ತು. ಆದರೆ ಕೆಲಸಕ್ಕೆ ಸೇರಿದ ವಾರ ಬಂದು ಅಂಟಿಕೊಂಡ ಆ ಹೆಸರು ಹೋಗಲಿಲ್ಲ. ಅವಳಿಗೂ ಅದನ್ನು ಬಿಡಿಸಿಕೊಳ್ಳಬೇಕೆಂದು ಅನ್ನಿಸಿರಲಿಲ್ಲ.

ಬುಧವಾರ ಬೆಳಿಗ್ಗೆ ಹೊಸ ಸೂಪರಿಂಟೆಂಡೆಂಟ್ ಡಾಕ್ಟರ್ ಅವಳನ್ನು ಕರೆಸಿದರು. ಅವರು ಅಧಿಕಾರ ವಹಿಸಿಕೊಂಡು ಎಂಟು ದಿನವಷ್ಟೇ ಆಗಿತ್ತು. ಮೇಜಿನ ಮೇಲೆ ಹಿಂದಿನವರು ಬಿಟ್ಟುಹೋದ ಕಡತಗಳು ಎರಡು ಸಾಲಾಗಿ ನಿಂತಿದ್ದವು. ನಡುವೆ ಅವರ ಮುಖ ಕಾಣುವಷ್ಟು ಜಾಗ ಮಾತ್ರ ಇತ್ತು.

"ಕೂತ್ಕೊಳ್ಳಿ. ನೆಲಮಹಡಿ ರಿಪೇರಿ ಬಗ್ಗೆ ಮ್ಯಾನೇಜರ್ ನನಗೆ ಒಂದು ಮೇಲ್ ಕಳಿಸಿದ್ದಾರೆ. ಕೆಳಗೆ ಉರುಳಿಸ್ತಾ ಹೋದೆ, ಹೋದೆ, ಕಾಫಿ ತಣ್ಣಗಾಯ್ತು, ಮೇಲ್ ಮುಗೀಲಿಲ್ಲ. ಎಷ್ಟಿದೆ ಅದರಲ್ಲಿ?"

"ನೂರ ಹದಿನೇಳು, ಮೇಡಂ. ಐದು ತಿಂಗಳದ್ದು."

"ಶುಕ್ರವಾರ ಹತ್ತು ಗಂಟೆಗೆ ಅದಕ್ಕೆ ನಾನು ಸಹಿ ಹಾಕಬೇಕಂತೆ. ಸೋಮವಾರದಿಂದ ಸಾಮಾನು ಸಾಗಿಸೋಕೆ ಶುರು ಮಾಡ್ತಾರಂತೆ. ಓದದೆ ಸಹಿ ಹಾಕೋ ಅಭ್ಯಾಸ ನನಗಿಲ್ಲ, ಅಷ್ಟೂ ಓದೋಕೆ ಪುರುಸೊತ್ತೂ ಇಲ್ಲ. ನೀವು ಒಂದು ಪುಟ ಮಾಡಿಕೊಡ್ತೀರಾ? ಮೂರು ಭಾಗ ಸಾಕು. ವಿಷಯದ ಹಿನ್ನೆಲೆ ಏನು, ಏನೇನು ನಿರ್ಧಾರ ಆಗಿದೆ, ಇನ್ನೂ ಏನೇನು ತೀರ್ಮಾನ ಆಗಬೇಕು. ಆ ಮೂರನೇ ಭಾಗ ನನಗೆ ಮುಖ್ಯ."

"ಆಗ್ಲಿ ಮೇಡಂ."

"ಯಾರು ಯಾರಿಗೆ ಎಷ್ಟು ಸಲ ಧನ್ಯವಾದ ಹೇಳಿದ್ರು ಅನ್ನೋದು ಬೇಡ."

"ಅದನ್ನ ತೆಗೆದ್ರೆ ಅರ್ಧ ಮೇಲ್ ಹೋಗುತ್ತೆ ಮೇಡಂ" ಎಂದಳು. ಡಾಕ್ಟರು ನಕ್ಕರು.

ತನ್ನ ಮೂಲೆಗೆ ಬಂದು ಟೈಪಿಸ್ಟಕ್ಕ ಒಂದು ಉದ್ದ ನೋಟ್‌ಬುಕ್ ತೆಗೆದು ಸ್ಕೇಲಿಟ್ಟು ಗೆರೆ ಎಳೆದಳು. ಐದು ಅಂಕಣ: ಮೇಲ್‌ನ ಕ್ರಮಸಂಖ್ಯೆ, ತಾರೀಕು, ಬರೆದವರು, ಯಾರು ಯಾರಿಗೆ ಹೋಗಿದೆ, ಹೊಸದಾಗಿ ಏನು ಹೇಳಿದೆ. ಮುಖ್ಯವಾದದ್ದು ಐದನೆಯದು. ಪ್ರತಿ ಮೇಲ್‌ನ ಹೊಟ್ಟೆಯಲ್ಲೂ ಹಿಂದಿನವೆಲ್ಲ ತುಂಬಿಕೊಂಡಿರುತ್ತವೆ. ಎರಡು ಸಾಲಿನ ಉತ್ತರದ ಕೆಳಗೆ ಇಪ್ಪತ್ತು ಪುಟದ ಬಾಲ. ಅದನ್ನೆಲ್ಲ ಮತ್ತೆ ಓದಿದರೆ ಒಂದೇ ಮಾತನ್ನು ಎಂಟು ಜನ ಹೇಳಿದಂತೆ ತೋರುತ್ತದೆ. ಹೇಳಿದವರು ಒಬ್ಬರೇ ಆಗಿರುತ್ತಾರೆ.

ಇನ್ನೊಂದು ಅವಳು ಅನುಭವದಿಂದ ಕಲಿತದ್ದು: ಮೇಲ್ತುದಿಯಿಂದ ಓದಬಾರದು. ಮೇಲಿರುವುದು ಕೊನೆಯ ಮೇಲ್. ಅದರಿಂದ ಶುರು ಮಾಡಿದರೆ ಅದರಲ್ಲಿ ಹೇಳಿದ್ದೇ ನಿಜವೆಂದು ಮನಸ್ಸು ನಂಬಿಬಿಡುತ್ತದೆ. ಆದ್ದರಿಂದ ತಳಕ್ಕೆ ಹೋಗಿ, ಐದು ತಿಂಗಳ ಹಿಂದಿನ ಒಂದನೇ ಮೇಲ್‌ನಿಂದ ಹತ್ತತೊಡಗಿದಳು.

ಒಂದನೆಯದರಲ್ಲಿ ವಿಷಯ ಸರಳವಾಗಿತ್ತು. ಆಸ್ಪತ್ರೆಯ ನೆಲಮಹಡಿ ಹಳೆಯದಾಗಿದೆ, ಔಷಧಿ ಕೌಂಟರಿನ ಮುಂದೆ ರೋಗಿಗಳು ನಿಂತೇ ಕಾಯಬೇಕಾಗಿದೆ, ನೆಲ ಬದಲಿಸಿ ಕೂರಲು ಜಾಗ ಮಾಡಬೇಕು. ಹನ್ನೆರಡನೆಯದರಲ್ಲಿ ನೀಲಿ ಬಣ್ಣದ ನುಣುಪು ಟೈಲ್ಸ್ ಎಂದು ತೀರ್ಮಾನವಾಗಿತ್ತು. ಇಪ್ಪತ್ತಾರನೆಯದರಲ್ಲಿ ಯಾರೋ, ಊರುಗೋಲು ಹಿಡಿದವರು ಜಾರುತ್ತಾರೆ ಎಂದು ಬರೆದು, ಒರಟು ಟೈಲ್ಸ್ ಎಂದು ಬದಲಾಗಿತ್ತು. ಮಾದರಿ ತುಂಡಿನ ಮೇಲೆ ನೀರು ಚೆಲ್ಲಿ ಊರುಗೋಲು ಒತ್ತಿ ನೋಡಿದ ವಿವರವೂ ಅದರಲ್ಲಿತ್ತು. ಬರೆದವರು ಯಾರೆಂದು ನೋಡಿದಳು: ಕಾಲುಮೇಷ್ಟ್ರು.

ನೆಲಮಹಡಿಯ ಹಿಂಭಾಗದಲ್ಲಿ ಕೃತಕ ಕಾಲು ಮಾಡುವ ವರ್ಕ್‌ಶಾಪ್ ಇದೆ. ಅದನ್ನು ನಡೆಸುವವರು ಕಾಲುಮೇಷ್ಟ್ರು. ಕಾಲು ಮಾಡಿಕೊಟ್ಟು ಸುಮ್ಮನಾಗದೆ ಅದರಲ್ಲಿ ನಡೆಯುವುದನ್ನೂ ಹಟ ಹಿಡಿದು ಕಲಿಸುವುದರಿಂದ ಆ ಹೆಸರು ಬಂದಿತ್ತು.

ಬುಧವಾರ ಸಂಜೆಯ ಹೊತ್ತಿಗೆ ಐವತ್ತೇಳು ಮೇಲ್ ಮುಗಿದವು. ಗುರುವಾರ ಬೆಳಿಗ್ಗೆ ಐವತ್ತೆಂಟನೆಯದನ್ನು ತೆರೆದಳು. ಅದು ಎಂಜಿನಿಯರ್ ಬರೆದದ್ದು: "ವರ್ಕ್‌ಶಾಪನ್ನು ಎರಡನೇ ಮಹಡಿಗೆ ಸಾಗಿಸಬಹುದೇ? ಹಾಗಾದರೆ ಆ ಜಾಗ ಔಷಧಿಗೆ ಕಾಯುವವರ ಹಾಲ್ ಆಗುತ್ತದೆ. ಸಂಬಂಧಪಟ್ಟವರು ಅಭಿಪ್ರಾಯ ತಿಳಿಸಿ."

ಅರವತ್ತಮೂರರಲ್ಲಿ ಮ್ಯಾನೇಜರ್: "ಶುಕ್ರವಾರದವರೆಗೆ ಯಾರಿಂದಲೂ ಆಕ್ಷೇಪಣೆ ಬಂದಿಲ್ಲವಾದ್ದರಿಂದ ಎಲ್ಲರೂ ಒಪ್ಪಿದ್ದಾರೆ ಎಂದು ಭಾವಿಸಲಾಗಿದೆ."

ಅರವತ್ತಾರರಲ್ಲಿ ಹೊಸ ನಕ್ಷೆ ಬಂತು. ಅದರಲ್ಲಿ ವರ್ಕ್‌ಶಾಪ್ ಇದ್ದ ಜಾಗದಲ್ಲಿ ಕುರ್ಚಿಗಳ ಸಾಲು. ಎಂಬತ್ತೊಂದರಲ್ಲಿ "ಈಗಾಗಲೇ ನಿರ್ಧರಿಸಿದಂತೆ". ನೂರ ನಾಲ್ಕರಲ್ಲಿ "ಬಹಳ ಹಿಂದೆಯೇ ಇತ್ಯರ್ಥವಾದ ವಿಷಯ". ಪ್ರಶ್ನೆಯಾಗಿ ಹೊರಟದ್ದು ದಾರಿಯಲ್ಲಿ ಯಾರೂ ತಡೆಯದೆ, ಯಾರೂ ಒಪ್ಪದೆ, ತೀರ್ಮಾನವಾಗಿ ಬಂದು ಕುಳಿತಿತ್ತು.

ಅವಳಿಗೆ ಆಶ್ಚರ್ಯವಾಯಿತು. ಟೈಲ್ಸಿಗೇ ಅಷ್ಟು ಉದ್ದ ಬರೆದ ಮನುಷ್ಯ ತನ್ನ ವರ್ಕ್‌ಶಾಪನ್ನೇ ಎತ್ತಿಹಾಕುವಾಗ ಸುಮ್ಮನಿದ್ದದ್ದು ಹೇಗೆ? ನಾಲ್ಕನೇ ಅಂಕಣದ ಮೇಲೆ ಬೆರಳಿಟ್ಟು ಹಿಂದಕ್ಕೆ ಬಂದಳು. ನೂರ ನಾಲ್ಕು: ಎಂಟು ಜನರಿಗೆ ಹೋಗಿದೆ, ಕಾಲುಮೇಷ್ಟ್ರಿಲ್ಲ. ಎಂಬತ್ತೊಂದು: ಇಲ್ಲ. ಐವತ್ತೆಂಟು: ಇಲ್ಲ. ನಲವತ್ತು: ಇಲ್ಲ. ಮೂವತ್ತು: ಒಂಬತ್ತು ಜನ, ಅವರಿದ್ದಾರೆ. ಮೂವತ್ತೊಂದು: ಎಂಟು ಜನ.

ಮೂವತ್ತೊಂದನ್ನು ಕಳಿಸಿದವಳು ಅವಳೇ.

ನೆನಪು ತಾನಾಗಿ ಬಂತು. ನಾಲ್ಕು ತಿಂಗಳ ಹಿಂದೆ, ಈ ಮೇಲ್‌ಗಳಲ್ಲಿ ನೀರಿನ ಟ್ಯಾಂಕಿನ ಚರ್ಚೆ ನಡೆಯುತ್ತಿದ್ದಾಗ, ಕಾರಿಡಾರಿನಲ್ಲಿ ಕಾಲುಮೇಷ್ಟ್ರು ಮೊಣಕೈವರೆಗೆ ಬಿಳಿ ಪ್ಲಾಸ್ಟರ್ ಮೆತ್ತಿಕೊಂಡು ಎದುರಾಗಿದ್ದರು. "ಅಕ್ಕಾ, ನಿಮಗೆ ಪುಣ್ಯ ಬರುತ್ತೆ, ಆ ನೀರಿನ ಟ್ಯಾಂಕಿನ ಮೇಲ್‌ಗಳಿಂದ ನನ್ನನ್ನ ಬಿಡಿಸಿ. ಕೈ ತುಂಬ ಪ್ಲಾಸ್ಟರ್, ಜೇಬಿನಲ್ಲಿ ಫೋನು ಟಿಂಗ್ ಅಂತಿರುತ್ತೆ. ಏನೋ ಅರ್ಜೆಂಟ್ ಅಂತ ಕೈ ತೊಳೆದು ನೋಡಿದ್ರೆ, ಟ್ಯಾಂಕಿನ ಮುಚ್ಚಳ. ನನ್ನ ವಿಷಯ ಬಂದಾಗ ಹೇಳಿದ್ರೆ ಸಾಕು." ಪಾಪ ಅನ್ನಿಸಿ, ಅಂದೇ ಮಧ್ಯಾಹ್ನ ಕಳಿಸಿದ ಮೇಲ್‌ನಿಂದ ಅವರ ವಿಳಾಸ ತೆಗೆದಿದ್ದಳು. ಆಮೇಲೆ ಬರೆದವರೆಲ್ಲ ಅದಕ್ಕೇ ರಿಪ್ಲೈ ಆಲ್ ಒತ್ತುತ್ತ ಹೋದರು. ವಿಷಯ ಬಂದಾಗ ಹೇಳುತ್ತೇನೆಂದು ಒಪ್ಪಿದ್ದವಳು, ಅದು ಬಂದ ಹೊತ್ತಿಗೆ ಎರಡು ವಾರ ಅತ್ತೆಯ ಕಣ್ಣಿನ ಆಪರೇಷನ್ನಿಗೆ ರಜೆ ಹಾಕಿದ್ದಳು. ಐವತ್ತೆಂಟೂ ಅರವತ್ತಮೂರೂ ಬಂದದ್ದು ಆ ರಜೆಯಲ್ಲಿ. ಮರಳಿ ಬಂದಾಗ ನಾನೂರು ಮೇಲ್ ಕಾದಿದ್ದವು. ಯಾವುದನ್ನೂ ಸರಿಯಾಗಿ ಓದಿರಲಿಲ್ಲ.

ಉಳಿದದ್ದನ್ನು ಮುಗಿಸಬೇಕಿತ್ತು, ಮುಗಿಸಿದಳು. ಎಪ್ಪತ್ತೊಂದರಲ್ಲಿ ನರ್ಸುಗಳ ಮುಖ್ಯಸ್ಥೆ ಕೇಳಿದ್ದ ಒಂದು ಪ್ರಶ್ನೆ ಸಿಕ್ಕಿತು: ವರ್ಕ್‌ಶಾಪಿಗೆ ಬರುವವರು ಎರಡನೇ ಮಹಡಿಯಲ್ಲಿ ಎಲ್ಲಿ ಕಾಯಬೇಕು? ಅದೇ ಮೇಲಿನಲ್ಲಿ ಬಾಗಿಲ ಬಣ್ಣದ ಬಗ್ಗೆಯೂ ಕೇಳಿದ್ದರು. ಬಣ್ಣಕ್ಕೆ ಆರು ಉತ್ತರ ಬಂದಿದ್ದವು, ಇದಕ್ಕೆ ಒಂದೂ ಇಲ್ಲ. ಎಂಬತ್ತನಾಲ್ಕರಿಂದ ಎಂಜಿನಿಯರ್ ಸಬ್ಜೆಕ್ಟ್ ಬದಲಾಯಿಸಿ 'ಲಿಫ್ಟ್' ಎಂದು ಬೇರೆ ಕವಲು ತೆಗೆದಿದ್ದರು. ಹಳೆಯ ಲಿಫ್ಟ್ ತೆಗೆದು ಹೊಸದು ಕೂರಿಸುವುದು, ಮುಂದಿನ ತಿಂಗಳ ಹತ್ತರಿಂದ ಹತ್ತು ವಾರ ಬಂದ್. ಅದು ನಿಜವಾದ ನಿರ್ಧಾರ. ಹಿಂದಿನ ಸೂಪರಿಂಟೆಂಡೆಂಟರ ಒಪ್ಪಿಗೆ ಸ್ಪಷ್ಟ ಮಾತಿನಲ್ಲಿತ್ತು, ತಾರೀಕಿತ್ತು.

ನಿರ್ಧಾರಗಳನ್ನು ಒಂದರ ಕೆಳಗೊಂದು ಬರೆಯುವಾಗ ಅವಳ ಪೆನ್ನು ನಿಂತಿತು.

ವರ್ಕ್‌ಶಾಪ್ ಎರಡನೇ ಮಹಡಿಗೆ: ಮೂರನೇ ತಾರೀಕು, ಸೋಮವಾರ.
ಲಿಫ್ಟ್ ಬಂದ್: ಹತ್ತನೇ ತಾರೀಕಿನಿಂದ, ಹತ್ತು ವಾರ.

ಇಪ್ಪತ್ತೊಂದು ಮೇಲ್‌ಗಳ ಅಂತರದಲ್ಲಿ, ಬೇರೆ ಬೇರೆ ಸಬ್ಜೆಕ್ಟಿನ ಕೆಳಗೆ ಇದ್ದಾಗ ಎರಡೂ ಸರಿಯಾಗಿಯೇ ಕಂಡಿದ್ದವು. ಅಕ್ಕಪಕ್ಕ ಬಂದ ಮೇಲೆ ಕಾಲಿಲ್ಲದವರು ಕಾಲು ಹಾಕಿಸಿಕೊಳ್ಳಲು ನಲವತ್ತೆಂಟು ಮೆಟ್ಟಿಲು ಹತ್ತಬೇಕೆಂದು ಓದಿಸಿಕೊಂಡವು.

ಊಟದ ಬಿಡುವಿನಲ್ಲಿ ಅವಳು ಹಿಂಭಾಗಕ್ಕೆ ಹೋದಳು.

ವರ್ಕ್‌ಶಾಪಿನ ಬಾಗಿಲು ತೆರೆದೇ ಇತ್ತು. ಒಳಗೆ ಗೋಡೆಯುದ್ದಕ್ಕೂ ಬಿಳಿಯ ಅಚ್ಚುಗಳು, ಪ್ರತಿಯೊಂದರ ಮೇಲೂ ಪೆನ್ಸಿಲ್ಲಿನಲ್ಲಿ ಬರೆದ ಹೆಸರು. ಪ್ಲಾಸ್ಟಿಕ್ ಹಾಳೆ ಕಾಯಿಸುವ ಓವನ್, ಉಜ್ಜುವ ಯಂತ್ರ. ತೊಟ್ಟಿಯ ಕೆಳಗೆ ಪ್ಲಾಸ್ಟರಿನ ಗಸಿ ತಡೆಯುವ ದೊಡ್ಡ ಡಬ್ಬ. ಅದಿಲ್ಲದಿದ್ದರೆ ಪೈಪು ಕಲ್ಲಾಗಿಬಿಡುತ್ತದೆ. ಕಾಲುಮೇಷ್ಟ್ರು ಒಬ್ಬ ಮುದುಕರ ಮೊಣಕಾಲಿನ ಕೆಳಗೆ ಒದ್ದೆ ಪಟ್ಟಿ ಸುತ್ತುತ್ತಿದ್ದರು. ಬಕೆಟ್ಟಿನ ನೀರಿನಿಂದ ಸಣ್ಣಗೆ ಹಬೆ ಏಳುತ್ತಿತ್ತು.

"ಬಿಸಿನೀರಲ್ಲಿ ಬೇಗ ಗಟ್ಟಿಯಾಗಲ್ವಾ?" ಎಂದು ಕೇಳಿದಳು, ಬೇರೆ ಏನು ಹೇಳಬೇಕೋ ತಿಳಿಯದೆ.

"ಆಗುತ್ತೆ. ನನ್ನ ಕೈ ಓಡಬೇಕು ಅಷ್ಟೇ. ತಣ್ಣೀರಾದ್ರೆ ಯಜಮಾನರು ಬೆಚ್ಚಿಬೀಳ್ತಾರೆ, ಅಲ್ವಾ ಯಜಮಾನ್ರೇ?"

"ಹೋದ ಸಲ ಬೇರೆ ಕಡೆ ಹಾಕಿದಾಗ ಜೀವ ಬಾಯಿಗೆ ಬಂದಿತ್ತಪ್ಪಾ" ಎಂದರು ಮುದುಕರು.

ಹಿತ್ತಿಲ ಬಾಗಿಲಿನಾಚೆ ಅಂಗಳದಲ್ಲಿ ಒಬ್ಬ ಹೆಂಗಸು ಹೊಸ ಕಾಲಿನಲ್ಲಿ ನಡೆಯುತ್ತಿದ್ದಳು. ಹೊಲಿಗೆ ಕೆಲಸದವಳು. ಮೇಷ್ಟ್ರು ಆ ಅಂಗಳವನ್ನು ತಾವೇ ಕಟ್ಟಿದ್ದು ಟೈಪಿಸ್ಟಕ್ಕನಿಗೆ ಗೊತ್ತಿತ್ತು. ಮೊದಲು ಕೈ ಊರಲು ಎರಡು ಉದ್ದ ಕಂಬಿ, ಆಮೇಲೆ ಇಟ್ಟಿಗೆ ಹಾಸಿದ ದಾರಿ, ಸ್ವಲ್ಪ ಮರಳು, ಒಂದು ಇಳಿಜಾರು, ಮೂರು ಮೆಟ್ಟಿಲು. ಕೊನೆಯಲ್ಲಿ ಬೇಕೆಂದೇ ಎಡವುವಂತೆ ಬಿಟ್ಟ ಒಂದು ಹೊಸ್ತಿಲು.

"ನೆಲ ನೋಡಬೇಡಮ್ಮಾ, ನೆಲ ಎಲ್ಲೂ ಓಡಿಹೋಗಲ್ಲ! ಎದುರು ನೋಡು!" ಎಂದು ಒಳಗಿನಿಂದಲೇ ಕೂಗಿದರು ಮೇಷ್ಟ್ರು. ಆಮೇಲೆ ಕೈ ತೊಳೆದು, "ಏನಕ್ಕಾ, ಇಷ್ಟು ದೂರ? ಮುಖ ಯಾಕೆ ಹೀಗಿದೆ?" ಎಂದರು.

ಅವಳು ಹೇಳಿದಳು. ಸುತ್ತಿ ಬಳಸದೆ, ನಂಬರುಗಳ ಸಮೇತ ಹೇಳಿದಳು. ಕೊನೆಗೆ, "ಪಟ್ಟಿಯಿಂದ ನಿಮ್ಮ ಹೆಸರು ತೆಗೆದದ್ದು ನಾನು. ವಾಪಸ್ ಸೇರಿಸ್ಲಿಲ್ಲ" ಎಂದಳು.

ಕಾಲುಮೇಷ್ಟ್ರು ಟವೆಲ್ಲನ್ನು ಎರಡು ಸಲ ಮಡಿಸಿದರು, ಮತ್ತೆ ಬಿಚ್ಚಿದರು.

"ಈ ಸೋಮವಾರಾನಾ?"

"ಈ ಸೋಮವಾರ."

"ಟೇಪ್ ಹಿಡ್ಕೊಂಡು ಇಬ್ಬರು ಬಂದಿದ್ರು. ಟೈಲ್ಸಿಗೆ ಅಳತೆ ಅಂದ್ಕೊಂಡು ಟೀ ಬೇರೆ ಕೊಟ್ಟೆ." ಅಂಗಳದ ಕಡೆ ನೋಡಿದರು. "ಓವನ್ನು ಹೋಗುತ್ತೆ. ಯಂತ್ರ ಹೋಗುತ್ತೆ. ಪೈಪಿಗೂ ಏನಾದ್ರೂ ಮಾಡಬಹುದು. ಇದನ್ನ ಹೇಗೆ ಮೇಲೆ ಒಯ್ಯೋದು? ನುಣ್ಣನೆ ಕಾರಿಡಾರಲ್ಲಿ ಯಾರು ಬೇಕಾದ್ರೂ ನಡೀತಾರೆ. ಇವಳ ಮನೆ ಮುಂದೆ ಕಾರಿಡಾರ್ ಇದೆಯಾ?"

"ಅದನ್ನೇ ನೀವು ಬರೆದು ಕೊಡಬೇಕು."

"ಕೊಡ್ತೀನಿ. ಆದ್ರೆ ನೀವು ತೆಗೆದಿದ್ದು ಅಂತೆಲ್ಲ ಹಾಕಬೇಡಿ. ತೆಗೀರಿ ಅಂತ ಗೋಗರೆದವನು ನಾನು. ಹೊಸ ಡಾಕ್ಟರು, ಎಂಟು ದಿನ ಆಗಿದೆ, ನಿಮ್ಮ ಬಗ್ಗೆ ಮೊದಲನೇ ಸಲಕ್ಕೇ ಇದು ಗೊತ್ತಾಗಬೇಕಾ?"

ನಾಳೆ ಬೆಳಿಗ್ಗೆಯೊಳಗೆ ಬರೆದುಕೊಡಿ ಎಂದಷ್ಟೇ ಅವಳು ಹೇಳಿದಳು. ಹೊರಡುವಾಗ ಹೊಲಿಗೆಯವಳು ಮೂರನೇ ಮೆಟ್ಟಿಲ ಮೇಲೆ ನಿಂತು ಉಸಿರು ಬಿಡುತ್ತಿದ್ದಳು. ಇಳಿಯಲು ಹೆದರಿಕೆ. ಕಾಲು ಒದ್ದೆಯಾಗಿದ್ದ ಮುದುಕರು ಕಿಟಕಿಯಿಂದ, "ಮೊದಲು ಹೊಸ ಕಾಲು ಇಳಿಸು ತಾಯಿ, ಹಳೇದು ತಾನಾಗಿ ಬರುತ್ತೆ" ಎಂದು ಹೇಳಿಕೊಡುತ್ತಿದ್ದರು.

ಮಧ್ಯಾಹ್ನ ಮ್ಯಾನೇಜರ್ ಅವಳ ಮೇಜಿನ ಹತ್ತಿರ ಬಂದು ಕರಡನ್ನು ನೋಡಿದರು. ಕೆಟ್ಟ ಮನುಷ್ಯರಲ್ಲ. ಅವಳ ಸೊಂಟ ನೋವಿಗೆ, ಯಾರೂ ಕೇಳದೆಯೇ ಸ್ಟೋರಿನಿಂದ ಒಳ್ಳೆಯ ಕುರ್ಚಿ ತರಿಸಿಕೊಟ್ಟವರು ಅವರೇ. ಐದು ತಿಂಗಳಿಂದ ಔಷಧಿ ಕೌಂಟರಿನ ಮುಂದೆ ನಿಂತವರನ್ನು ನೋಡಿ ನೋಡಿ ಅವರಿಗೆ ಸಾಕಾಗಿತ್ತು.

"ಅಕ್ಕಾ, ವರ್ಕ್‌ಶಾಪ್ ವಿಷಯ ಬಾಕಿ ಪ್ರಶ್ನೆಗಳಲ್ಲಿ ಯಾಕಿದೆ? ಅದು ನಿರ್ಧಾರ ಆಗಿಹೋಗಿದೆ."

"ಯಾವ ಮೇಲಿನಲ್ಲಿ ಸರ್?"

"ಅರವತ್ತೆಷ್ಟೋ. ನಾನೇ ಬರೆದಿದ್ದೀನಲ್ಲ."

"ಅರವತ್ತಮೂರು. ಅದರಲ್ಲಿ ಒಪ್ಪಿದ್ದಾರೆ ಅಂತ ಭಾವಿಸಲಾಗಿದೆ ಅಂತಿದೆ. ಒಪ್ಪಿದ ಮೇಲ್ ಹುಡುಕಿದೆ, ಸಿಗ್ಲಿಲ್ಲ. ಆಗಿನ ಸೂಪರಿಂಟೆಂಡೆಂಟ್ ಲಿಫ್ಟಿಗೆ ಹೂಂ ಅಂದಿದ್ದಾರೆ, ಟೈಲ್ಸಿಗೆ ಹೂಂ ಅಂದಿದ್ದಾರೆ, ಇದಕ್ಕೆ ಏನೂ ಅಂದಿಲ್ಲ. ಕಾಲುಮೇಷ್ಟ್ರಿಗೆ ಮೇಲ್ ಹೋಗೇ ಇಲ್ಲ."

ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿದರು. "ಹೋಗಿಲ್ವಾ? ಅವರು ಇದ್ರಲ್ಲ ಪಟ್ಟಿಯಲ್ಲಿ?"

"ಮೂವತ್ತರವರೆಗೆ ಇದ್ರು."

"ಯಾರು ತೆಗೆದ್ರು?"

"ನಾನು."

ಅವರು ಪಕ್ಕದ ಸ್ಟೂಲಿನ ಮೇಲೆ ಕೂತರು. ಆಮೇಲೆ ದನಿ ತಗ್ಗಿಸಿ, "ನೋಡಿ, ಲಿಫ್ಟ್ ತಾರೀಕಿನ ಗೊಂದಲ ಹಿಡಿದಿದ್ದೀರಿ, ಒಳ್ಳೇದಾಯ್ತು. ಅದನ್ನ ದೊಡ್ಡಕ್ಷರದಲ್ಲಿ ಹಾಕಿ. ಅದೊಂದೇ ಸಾಕು ಸೋಮವಾರದ ಕೆಲಸ ನಿಲ್ಲಿಸೋಕೆ. ನಿಮ್ಮ ಹೆಸರು ಯಾಕೆ ಸುಮ್ಮನೆ ಎಳೀತೀರಿ? ನನ್ನ ಮೇಲೂ ಬರುತ್ತೆ ಅಂತಿಟ್ಕೊಳ್ಳಿ" ಎಂದರು.

ಅದು ಅವಳ ತಲೆಯಲ್ಲಿ ಉಳಿಯಿತು. ಸಂಜೆ ಮನೆಗೆ ಬಂದಾಗಲೂ ಅದೇ. ಗಂಡ ಪಾತ್ರೆ ತೊಳೆಯುತ್ತಿದ್ದ. ಅವಳ ಮುಖ ನೋಡಿ ಏನೂ ಕೇಳದೆ ಚಹಾಕ್ಕೆ ನೀರಿಟ್ಟ. ಅತ್ತೆ ಕಿಟಕಿ ಪಕ್ಕ ಕೂತಿದ್ದರು. ನಲವತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದವರು. ಆಪರೇಷನ್ ಆದ ಮೇಲೂ ಸಣ್ಣ ಅಕ್ಷರ ಓದಲು ಆಗುತ್ತಿರಲಿಲ್ಲ.

"ಓದಿ ಹೇಳು, ಏನು ಬರೆದಿದ್ದೀಯೋ" ಎಂದರು.

ಓದಿದಳು. ಎರಡು ಕರಡು ಇದ್ದವು. ಒಂದರಲ್ಲಿ ವರ್ಕ್‌ಶಾಪ್ ನಿರ್ಧಾರಗಳ ಕೆಳಗಿತ್ತು, ಬಾಕಿ ಪ್ರಶ್ನೆ ಲಿಫ್ಟ್ ತಾರೀಕಿನದು ಮಾತ್ರ; ಇನ್ನೊಂದರಲ್ಲಿ ವರ್ಕ್‌ಶಾಪೂ ಬಾಕಿ ಪ್ರಶ್ನೆ, ಮೂವತ್ತೊಂದನೇ ಮೇಲ್ ಕೂಡ ಇತ್ತು.

ಅತ್ತೆ ಕೇಳಿಸಿಕೊಂಡು, "ಮೊದಲನೇದು ಓದಿದ ಡಾಕ್ಟರು ಏನು ಮಾಡ್ತಾರೆ?" ಎಂದರು.

"ಲಿಫ್ಟ್ ಕೆಲಸ ಮುಗಿಯೋವರೆಗೆ ವರ್ಕ್‌ಶಾಪ್ ಸಾಗಿಸಬೇಡಿ ಅಂತಾರೆ."

"ಮುಗಿದ ಮೇಲೆ?"

ಟೈಪಿಸ್ಟಕ್ಕ ಮೊದಲನೇ ಕರಡನ್ನು ಕೆಳಗಿಟ್ಟಳು. ಮುಗಿದ ಮೇಲೆ ಸಾಗಿಸುತ್ತಾರೆ. ಹತ್ತು ವಾರ ತಡವಾಗಿ, ಅದೇ ಎರಡನೇ ಮಹಡಿಗೆ. ನಿರ್ಧಾರ ಎಂಬ ತಲೆಬರಹದ ಕೆಳಗೆ ಇರುವವರೆಗೆ ಅದನ್ನು ಯಾರೂ ಮತ್ತೆ ಕೇಳುವುದಿಲ್ಲ. ಆ ಅಂಗಳದ ಮಾತು ನೂರ ಹದಿನೇಳರಲ್ಲಿ ಎಲ್ಲೂ ಇಲ್ಲ. ಅದನ್ನು ಬಲ್ಲವರು ಪಟ್ಟಿಯಲ್ಲಿರಲಿಲ್ಲ. ಯಾಕೆ ಇರಲಿಲ್ಲ ಎಂದು ಬರೆಯದಿದ್ದರೆ, ಇದ್ದೂ ಮಾತಾಡಲಿಲ್ಲ ಎಂದೇ ಓದುವವರು ತಿಳಿಯುತ್ತಾರೆ.

"ನನ್ನ ಕಣ್ಣಿಂದ ಆದದ್ದು ಇದೆಲ್ಲ" ಎಂದರು ಅತ್ತೆ.

"ನಿಮ್ಮ ಕಣ್ಣು ಏನು ಮಾಡ್ತು ಅತ್ತೆ, ಅದು ಮೇಲ್ ಕಳಿಸ್ತಾ?"

"ಕಳಿಸೋ ಹಾಗಿದ್ದಿದ್ರೆ ನಿನಗಿಂತ ಚೆನ್ನಾಗೇ ಕಳಿಸ್ತಿತ್ತು" ಎಂದು ಅತ್ತೆ ಚಹಾ ಲೋಟಕ್ಕೆ ಕೈ ಚಾಚಿದರು. ಗಂಡ ಅದನ್ನು ಅವರ ಬೆರಳಿಗೆ ತಾಗುವಂತೆ ಇಟ್ಟ.

ಶುಕ್ರವಾರ ಒಂಬತ್ತೂವರೆಗೆ ಅವಳು ಪುಟವನ್ನು ಮುದ್ರಿಸಿದಳು. ಅದರಲ್ಲಿ ಹೀಗಿತ್ತು.

ಹಿನ್ನೆಲೆ: ಔಷಧಿ ಕೌಂಟರಿನ ಮುಂದೆ ಕೂರಲು ಜಾಗವಿಲ್ಲ, ನೆಲ ಹಾಳಾಗಿದೆ. ಅದಕ್ಕಾಗಿ ನೆಲಮಹಡಿಯ ರಿಪೇರಿ. ಐದು ತಿಂಗಳಲ್ಲಿ 117 ಮೇಲ್. 84ರಿಂದ ಲಿಫ್ಟಿನ ಕವಲು ಬೇರೆ.

ನಿರ್ಧಾರಗಳು: ಒರಟು ಟೈಲ್ಸ್ (ಮೇಲ್ 26, 12ರಲ್ಲಿನ ನುಣುಪು ಟೈಲ್ಸ್ ರದ್ದು). ನೀರಿನ ಟ್ಯಾಂಕ್ ಪೂರ್ವ ಭಾಗಕ್ಕೆ (ಮೇಲ್ 44). ಲಿಫ್ಟ್ ಬದಲಾವಣೆ, ಹತ್ತರಿಂದ ಹತ್ತು ವಾರ ಬಂದ್ (ಮೇಲ್ 87). ಮೂರಕ್ಕೂ ಹಿಂದಿನ ಸೂಪರಿಂಟೆಂಡೆಂಟರ ಲಿಖಿತ ಒಪ್ಪಿಗೆ ಇದೆ.

ಬಾಕಿ ಪ್ರಶ್ನೆಗಳು: ಒಂದು, ಕೃತಕ ಕಾಲಿನ ವರ್ಕ್‌ಶಾಪನ್ನು ಎರಡನೇ ಮಹಡಿಗೆ ಸಾಗಿಸುವುದೇ? ಮೇಲ್ 58ರಲ್ಲಿ ಸಲಹೆ. 63ರಲ್ಲಿ ಆಕ್ಷೇಪಣೆ ಇಲ್ಲವೆಂದು ಒಪ್ಪಿಗೆ ಭಾವಿಸಲಾಗಿದೆ. ಸ್ಪಷ್ಟ ಒಪ್ಪಿಗೆ ಯಾರದೂ ಇಲ್ಲ. 81 ಮತ್ತು 104ರಲ್ಲಿ ಇದನ್ನು ನಿರ್ಧಾರವೆಂದು ಉಲ್ಲೇಖಿಸಲಾಗಿದೆ. ವರ್ಕ್‌ಶಾಪಿನ ಮುಖ್ಯಸ್ಥರಿಗೆ 31ರಿಂದ ಮೇಲ್ ಹೋಗಿಲ್ಲ. ಅವರ ಕೋರಿಕೆಯಂತೆ ತಾತ್ಕಾಲಿಕವಾಗಿ ಪಟ್ಟಿಯಿಂದ ತೆಗೆದು, ಮರಳಿ ಸೇರಿಸದೆ ಉಳಿದದ್ದು ನನ್ನ ತಪ್ಪು. ಉತ್ತರಿಸಬೇಕಾದವರು: ವರ್ಕ್‌ಶಾಪ್ ಮುಖ್ಯಸ್ಥರು. ಎರಡು, ಸಾಗಿಸುವುದಾದರೆ, ಲಿಫ್ಟ್ ಬಂದ್ ಇರುವ ಹತ್ತು ವಾರ ರೋಗಿಗಳು ಮೇಲೆ ಬರುವುದು ಹೇಗೆ? ಉತ್ತರಿಸಬೇಕಾದವರು: ಎಂಜಿನಿಯರ್. ಮೂರು, ಅವರು ಎಲ್ಲಿ ಕಾಯಬೇಕು? ಮೇಲ್ 71ರಲ್ಲಿ ನರ್ಸುಗಳ ಮುಖ್ಯಸ್ಥೆ ಕೇಳಿದ್ದು, ಉತ್ತರ ಬಂದಿಲ್ಲ. ಮೂರಕ್ಕೂ ಸೋಮವಾರಕ್ಕೆ ಮೊದಲು ಉತ್ತರ ಬೇಕು.

ಕಾಲುಮೇಷ್ಟ್ರ ಅಭಿಪ್ರಾಯವನ್ನು ಆ ಪುಟದಲ್ಲಿ ಸೇರಿಸಲಿಲ್ಲ. ಅದು ಮೇಲ್‌ಗಳಲ್ಲಿ ಇರಲಿಲ್ಲ. ಅವರು ಬರೆದುಕೊಟ್ಟ ಚೀಟಿಯನ್ನು ಬೇರೆಯಾಗಿ ಪಿನ್ ಮಾಡಿದಳು. ಮೂಲೆಯಲ್ಲಿ ಬಿಳಿ ಬೆರಳಚ್ಚು ಇತ್ತು.

ಹತ್ತು ಗಂಟೆಗೆ ಕೋಣೆಯಲ್ಲಿ ಡಾಕ್ಟರು, ಮ್ಯಾನೇಜರ್, ಎಂಜಿನಿಯರ್ ಇದ್ದರು. ಟೈಪಿಸ್ಟಕ್ಕ ಬಾಗಿಲ ಪಕ್ಕದ ಕುರ್ಚಿಯಲ್ಲಿ. ಡಾಕ್ಟರು ಪುಟವನ್ನು ಒಂದು ಸಲ ಓದಿದರು, ಮೂರನೇ ಭಾಗವನ್ನು ಇನ್ನೊಂದು ಸಲ ಓದಿದರು. ಐದು ನಿಮಿಷ ಹಿಡಿಯಿತು.

"ಎಂಜಿನಿಯರ್, ಈ ಎರಡು ತಾರೀಕು?"

ಎಂಜಿನಿಯರ್ ಮುಖ ಕೆಂಪಾಯಿತು. "ಎರಡನ್ನೂ ನಾನೇ ಬರೆದದ್ದು ಮೇಡಂ. ಒಂದೇ ಹಾಳೆಯ ಮೇಲೆ ಇವತ್ತೇ ನೋಡ್ತಿರೋದು."

"ನಾನೂ ನಿನ್ನೆಯಷ್ಟೇ ನೋಡಿದ್ದು" ಎಂದರು ಮ್ಯಾನೇಜರ್. "ಅರವತ್ತಮೂರನೇದರಲ್ಲಿ ನಾನು ಆತುರ ಮಾಡಿದೆ. ಒಂದು ಫೋನ್ ಮಾಡಿದ್ರೆ ಮುಗೀತಿತ್ತು. ಅಕ್ಕ ಒಬ್ಬರ ಮೇಲೇ ಹಾಕಬೇಡಿ."

ಡಾಕ್ಟರು ಟೈಪಿಸ್ಟಕ್ಕನ ಕಡೆ ತಿರುಗಿದರು. "ಈ ಸಾಲು ಬರೀದೆ ಇದ್ದಿದ್ರೆ ನನಗೆ ಗೊತ್ತಾಗ್ತಿತ್ತಾ?"

"ಇಲ್ಲ ಮೇಡಂ."

"ಹಾಗಾದ್ರೆ ಮುಂದಿನ ಪುಟಾನೂ ನೀವೇ ಮಾಡಿ." ಅಷ್ಟೇ ಹೇಳಿ ಚೀಟಿ ಓದಿದರು. ಸಹಿಗೆ ತೆರೆದಿಟ್ಟಿದ್ದ ಪೆನ್ನಿನ ಮುಚ್ಚಳ ಹಾಕಿದರು. "ನಡೀರಿ, ಆ ಅಂಗಳ ನೋಡೋಣ."

ಡಾಕ್ಟರು ಅಂಗಳದಲ್ಲಿ ಅರ್ಧ ಗಂಟೆ ಇದ್ದರು. ಹೊಲಿಗೆಯವಳು ಎಲ್ಲರ ಮುಂದೆ ಮೂರು ಮೆಟ್ಟಿಲು ಇಳಿದಳು, ಹೊಸ ಕಾಲು ಮೊದಲು. ಎಂಜಿನಿಯರ್ ಹೊಸ್ತಿಲಿಗೆ ಎಡವಿದರು. "ಇದಕ್ಕೇ ಇಟ್ಟಿರೋದು ಸರ್" ಎಂದರು ಕಾಲುಮೇಷ್ಟ್ರು ಗಂಭೀರವಾಗಿ.

ಮಧ್ಯಾಹ್ನ ನೂರ ಹದಿನೆಂಟನೇ ಮೇಲ್ ಹೋಯಿತು, ಸೂಪರಿಂಟೆಂಡೆಂಟರ ಹೆಸರಿನಲ್ಲಿ, ಒಂಬತ್ತು ಜನರಿಗೆ. ವರ್ಕ್‌ಶಾಪ್ ಈಗಿರುವಲ್ಲೇ ಇರುತ್ತದೆ. ಔಷಧಿಗೆ ಕಾಯುವವರಿಗೆ ಏನು ಎಂಬ ಪ್ರಶ್ನೆ ಹಾಗೇ ಉಳಿಯಿತು. ಅದಕ್ಕೆ ಉತ್ತರ ಕೊಟ್ಟವರು ಕಾಲುಮೇಷ್ಟ್ರೇ. ಒಂದು ಬೆರಳಿನಲ್ಲಿ ಟೈಪ್ ಮಾಡಿದ ಮೂರು ಸಾಲು: ವರ್ಕ್‌ಶಾಪಿನ ಮುಂಭಾಗದಲ್ಲಿ ಅಚ್ಚುಗಳನ್ನಿಡುವ ಕೋಣೆಯ ಅರ್ಧವನ್ನು ಬಿಟ್ಟುಕೊಡುತ್ತೇನೆ, ಹಳೆಯ ಅಚ್ಚುಗಳನ್ನು ಎರಡನೇ ಮಹಡಿಗೆ ಒಯ್ಯಿರಿ, ಅವೇನೂ ತಾವಾಗಿ ಮೆಟ್ಟಿಲು ಹತ್ತಬೇಕಾಗಿಲ್ಲ. ಅಲ್ಲಿ ಹದಿನಾರು ಕುರ್ಚಿ ಹಿಡಿಯುತ್ತವೆಂದು ಎಂಜಿನಿಯರ್ ಲೆಕ್ಕ ಹಾಕಿದರು. ಮ್ಯಾನೇಜರಿಗೆ ಬೇಕಾದದ್ದು ಮೂವತ್ತು, ಆದರೂ ಒಪ್ಪಿದರು. ಈ ಸಲ ಒಪ್ಪಿದ್ದೇನೆ ಎಂದು ಬರೆದೇ ಒಪ್ಪಿದರು.

ಎರಡು ವಾರದ ಮೇಲೆ ಕಾರಿಡಾರಿನಲ್ಲಿ ಕಾಲುಮೇಷ್ಟ್ರು ಮತ್ತೆ ಎದುರಾದರು, ಮೊಣಕೈವರೆಗೆ ಬಿಳಿ.

"ಅಕ್ಕಾ, ಇವತ್ತು ಬೆಳಿಗ್ಗೆಯಿಂದ ಹನ್ನೊಂದು ಮೇಲ್. ಹನ್ನೊಂದೂ ಕುರ್ಚಿಯ ಬಣ್ಣ!"

"ಓದಿ" ಎಂದಳು ಟೈಪಿಸ್ಟಕ್ಕ.

"ಕೈ ನೋಡಿ ನನ್ನದು!"

ಅವಳು ಅವರ ಜೇಬಿನಿಂದ ಫೋನು ತೆಗೆದು, ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಹಿಡಿದಳು. ಅವರು ಒಂದೊಂದಾಗಿ ಓದಿದರು, ಅವಳು ಒಂದೊಂದಾಗಿ ಮುಂದಕ್ಕೆ ಸರಿಸಿದಳು. ಒಂಬತ್ತನೆಯದಕ್ಕೆ ಅವರು, "ತಡೀರಿ, ಇದರಲ್ಲಿ ಕುರ್ಚಿಗೆ ಕೈ ಇಲ್ಲ ಅಂತಿದೆ. ಕೈಯಿಲ್ಲದ ಕುರ್ಚಿಯಿಂದ ನಮ್ಮವರು ಏಳೋದು ಹೇಗೆ?" ಎಂದರು.

"ಹೇಳಿ, ನಾನು ಟೈಪ್ ಮಾಡ್ತೀನಿ" ಎಂದು ಟೈಪಿಸ್ಟಕ್ಕ ರಿಪ್ಲೈ ಆಲ್ ಒತ್ತಿದಳು. ಒತ್ತುವ ಮೊದಲು ವಿಳಾಸಗಳನ್ನು ಎಣಿಸಿದ್ದಳು. ಒಂಬತ್ತಿದ್ದವು.